ವಸೂಲಿ ಯಾರದು, ಬಾಕಿ ಯಾರದು

ಮಾರ್ಚ್ ತಿಂಗಳೆಂದರೆ ನಮ್ಮ ತೆಲಸಂಗದಲ್ಲಿ ಎರಡು ಲೆಕ್ಕ ಒಟ್ಟಿಗೇ ನಡೆಯುವ ಕಾಲ. ಅತ್ತ ಶೆಡ್ಡಿನ ಬಲೆಗಳ ಮೇಲೆ ಒಣಗಿದ ದ್ರಾಕ್ಷಿ ಬಾಕ್ಸ್ ಸೇರಿ ಕೋಲ್ಡ್ ಸ್ಟೋರೇಜಿಗೆ ಹೋಗುತ್ತಿರುತ್ತದೆ. ಇತ್ತ ಸೊಸೈಟಿಗಳವರು 31ನೇ ತಾರೀಖಿನೊಳಗೆ ಸಾಲ ವಸೂಲಾಗಬೇಕೆಂದು ತೋಟದಿಂದ ತೋಟಕ್ಕೆ ತಿರುಗುತ್ತಿರುತ್ತಾರೆ. ನಮ್ಮ ಪಕ್ಕದ ಮನೆಯ ಹೆಣ್ಣುಮಗಳು ಅಂಥದೊಂದು ಪತ್ತಿನ ಸಂಘದ ಶಾಖೆಗೆ ಮ್ಯಾನೇಜರು. ನಾನೂ ಸಾಲ-ವಸೂಲಿಯ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನಾದ್ದರಿಂದ ಸಂಜೆ ಬೇಲಿಯ ಹತ್ತಿರ ನಿಂತರೆ ನಮ್ಮ ಮಾತು ಮಳೆ-ಬೆಳೆಯಿಂದ ಶುರುವಾಗಿ ಕೊನೆಗೆ ಬಾಕಿದಾರರ ಪಟ್ಟಿಗೇ ಬಂದು ನಿಲ್ಲುತ್ತದೆ.

ಮೊನ್ನೆ ಮಾತ್ರ ಆಕೆಯ ಚಿಂತೆ ಬಾಕಿದಾರರದಾಗಿರಲಿಲ್ಲ. "ಕಾಕಾ, ಹೆಡ್ ಆಫೀಸಿನಿಂದ ಅಪ್ರೈಸಲ್ ಫಾರ್ಮ್ ಬಂದಾವ. ನಾಕು ಮಂದಿ ವಸೂಲಿ ಹುಡುಗೂರಾಗ ಮೂರು ಮಂದೀದು ತುಂಬಿ ಮುಗಿಸೇನಿ. ಒಬ್ಬಾಂವಂದ ಕೈ ಓಡವಲ್ದು. ವಸೂಲಿ ನೋಡಿದ್ರ ಎಲ್ಲಾರಕಿಂತ ಮುಂದ ಅದಾನ. ಆದ್ರ ಯಾರ ಕೂಡನೂ ಹೊಂದಾಣಿಕಿ ಇಲ್ಲ. ಒಟ್ಟಾರೆ ‘ಉತ್ತಮ’ ಅಂತ ಬರದು ಕೈತೊಳಕೊಳ್ಳಲೇನು?"

"ಬ್ಯಾಡವ್ವಾ" ಎಂದೆ. "ಹಂಗ ಬರದ್ರ ಅವನ ವಸೂಲಿಗೂ ಅನ್ಯಾಯ, ಉಳಿದ ಮೂರು ಮಂದಿಗೂ ಅನ್ಯಾಯ."

ಆಕೆ ಮಾಡಹೊರಟದ್ದನ್ನು ಬಹಳ ಮಂದಿ ಮಾಡುತ್ತಾರೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ, ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ನಡುವಿನ ಗುಣಾಂಕವೊಂದು ಬರುತ್ತದೆ. ಅದನ್ನು ನೋಡಿದ ಹುಡುಗನಿಗೆ ತಾನು ಚೆನ್ನಾಗಿ ಮಾಡಿದ್ದು ಯಾವುದು, ಕೆಡಿಸಿದ್ದು ಯಾವುದು ಎರಡೂ ತಿಳಿಯುವುದಿಲ್ಲ. ಬೆವರು ಸುರಿಸಿ ವಸೂಲಿ ತಂದರೂ ಇಷ್ಟೇ ಎಂಬ ಸಿಟ್ಟು ಮಾತ್ರ ಉಳಿಯುತ್ತದೆ. ಇದರ ಎದುರು ದಿಕ್ಕಿನ ತಪ್ಪೂ ಒಂದಿದೆ. ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರೀಕ್ಷಿಸಿ 1920ರಲ್ಲೇ ಅದನ್ನು ತೋರಿಸಿಕೊಟ್ಟ. ಒಂದು ಗುಣದಲ್ಲಿ ಮೇಲೆ ಕಂಡವನಿಗೆ ಸಂಬಂಧವಿಲ್ಲದ ಉಳಿದ ಗುಣಗಳಲ್ಲೂ ಅಂಕ ಏರುತ್ತಿತ್ತು. ವಸೂಲಿ ಜೋರಿದ್ದವನ ಶಿಸ್ತು, ನಿಷ್ಠೆ, ಹೊಂದಾಣಿಕೆ ಎಲ್ಲಕ್ಕೂ ಒಳ್ಳೆಯ ಗುರುತು ಬೀಳುವುದು ಹೀಗೇ. ಆದ್ದರಿಂದ ಎರಡು ಹಾಳೆ ಬೇರೆಬೇರೆ ತೆಗೆದುಕೊಂಡು, ಬೇರೆಬೇರೆ ದಿನ ಕೂತು ಬರೆಯಬೇಕೆಂದು ಹೇಳಿದೆ. ಒಂದರಲ್ಲಿ ಏನು ತಂದ, ಇನ್ನೊಂದರಲ್ಲಿ ಹೇಗೆ ತಂದ.

ಮೊದಲು ‘ಏನು ತಂದ’ ಎಂಬುದನ್ನೇ ಬಿಚ್ಚಿ ನೋಡಿದೆವು. ಆಕೆ ಒಳಗೆ ಹೋಗಿ ಡಿಸಿಬಿ ತಖ್ತೆ ತಂದಳು. ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಕಾಲಮ್ಮಿನ ಆ ತಖ್ತೆ ಸಹಕಾರಿ ಸಂಘಗಳಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಹುಡುಗನ ಪಟ್ಟಿಯಲ್ಲಿ ಬೇಡಿಕೆ 80 ಲಕ್ಷ, ವಸೂಲಿ 76 ಲಕ್ಷ. ನೂರಕ್ಕೆ 95. ಪಕ್ಕದ ಪಟ್ಟಿಯವನದು 60 ಲಕ್ಷದಲ್ಲಿ 46 ಲಕ್ಷ, ನೂರಕ್ಕೆ 77ರ ಹತ್ತಿರ. ಮೇಲ್ನೋಟಕ್ಕೆ ಅಜಗಜಾಂತರ.

"ಈ 76 ಲಕ್ಷದಾಗ ನಗದು ಎಷ್ಟು, ನವೀಕರಣ ಎಷ್ಟು?" ಎಂದು ಕೇಳಿದೆ. ಮಾರ್ಚ್ ಕೊನೆಯಲ್ಲಿ ಹಳೇ ಸಾಲ ತೀರಿದಂತೆ ರಸೀದಿ ಹರಿದು ಅದೇ ವಾರ ಅದೇ ರೈತನಿಗೆ ಅಷ್ಟೇ ಹೊಸ ಸಾಲ ಕೊಟ್ಟರೆ, ತಖ್ತೆಯಲ್ಲಿ ಅದು ವಸೂಲಿಯಾಗಿ ಕಾಣುತ್ತದೆ. ಸಂಘಕ್ಕೆ ರೊಕ್ಕ ಬಂದಿರುವುದಿಲ್ಲ. ಸಾಲ ಜಮಾ ಆದ ತಾರೀಖನ್ನೂ ಹೊಸ ಸಾಲ ಬಟವಾಡೆಯಾದ ತಾರೀಖನ್ನೂ ಅಕ್ಕಪಕ್ಕ ಇಟ್ಟರೆ ಇದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ನೋಡಿದೆವು. ಅಂಥದು 4 ಲಕ್ಷ ಇತ್ತು. ಅದನ್ನು ಬಿಟ್ಟರೆ 72 ಲಕ್ಷ, ಅಂದರೆ ನೂರಕ್ಕೆ 90.

ಮುಂದಿನ ಪ್ರಶ್ನೆ ಆಕೆಗೇ ಹೊಳೆಯಿತು. "ಕಾಕಾ, ಇದರಾಗ ಪಕ್ಕದ ಪಟ್ಟೀ ರೈತರದೂ ಅದಾವ್ರಿ. ಒಣದ್ರಾಕ್ಷಿ ಮಾರಾಕ ತಾಸಗಾಂವಿಗೆ ಹೋದಾಗ ಇಂವಾ ಅಲ್ಲೇ ಹೋಗಿ ನಿಂತು ಅವರಿಂದ ತುಂಬಿಸ್ಕೊಂಡಾನ. ರಸೀದಿ ತನ್ನ ಹೆಸರೀಲೆ." ಅದೂ 4 ಲಕ್ಷ. ಆ ರೈತರ ಮನೆಗೆ ಇಡೀ ಚಳಿಗಾಲ ಅಲೆದವನು, ಸ್ಟೋರೇಜಿನ ರಸೀದಿ ನೋಡಿ ಮಾಲು ಯಾವಾಗ ಹೊರಗೆ ಬರುತ್ತದೆಂದು ಬರೆದಿಟ್ಟವನು ಪಕ್ಕದ ಪಟ್ಟಿಯ ಹುಡುಗ. ಆ ವಿವರ ಕಚೇರಿಯ ವಹಿಯಲ್ಲಿತ್ತು. ಇವನು ಅದನ್ನೇ ಓದಿ ಹೋಗಿದ್ದ. ರೊಕ್ಕ ಸಂಘಕ್ಕೆ ಬಂತು, ಅದು ಒಳ್ಳೆಯದೇ. ಹೆಸರು ಮಾತ್ರ ಬದಲಾಯಿತು. ಆ 4 ಲಕ್ಷ ಇದ್ದಲ್ಲಿಗೆ ಮರಳಿಸಿದರೆ ಇವನದು 68 ಲಕ್ಷ, ನೂರಕ್ಕೆ 85. ಅವನದು 46 ಹೋಗಿ 50 ಲಕ್ಷ, ನೂರಕ್ಕೆ 83.

ಆಕೆ ಸ್ವಲ್ಪ ಹೊತ್ತು ಆ ಎರಡು ಅಂಕಿಗಳನ್ನೇ ನೋಡಿದಳು. 95 ಮತ್ತು 77 ಎಂದು ತಿಳಿದದ್ದು 85 ಮತ್ತು 83 ಆಗಿತ್ತು. ಇಷ್ಟಾದರೂ ಇವನೇ ಶಾಖೆಯಲ್ಲಿ ಮೊದಲಿಗ, ಅದನ್ನು ಮರೆಯಬಾರದು. 85 ಅವನ ಸ್ವಂತ ದುಡಿಮೆ. ಫಲಿತಾಂಶದ ಹಾಳೆಯಲ್ಲಿ ಅದಕ್ಕೆ ಪೂರ್ತಿ ಮೆಚ್ಚುಗೆ ಬರೆಯಬೇಕು. ಹೊಂದಾಣಿಕೆಯ ಸಿಟ್ಟನ್ನು ಅಲ್ಲಿ ತೀರಿಸಿಕೊಳ್ಳಬಾರದು. ಆದರೆ 95 ಎಂದು ಬರೆದರೆ ಇನ್ನೊಬ್ಬನ ಚಳಿಗಾಲದ ಅಲೆದಾಟವನ್ನು ಇವನ ಖಾತೆಗೆ ಜಮಾ ಮಾಡಿದಂತೆ.

ನಾನು ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೊಂದಾಣಿಕೆ ಎಂದರೆ ಸ್ವಭಾವದ ವಿಷಯ, ನಗುನಗುತ್ತ ಮಾತಾಡುವುದು, ಚಹಾಕ್ಕೆ ಜೊತೆಗೆ ಹೋಗುವುದು ಎಂದು ಬಹಳ ಮ್ಯಾನೇಜರುಗಳು ತಿಳಿಯುತ್ತಾರೆ. ಮಾತು ಕಡಿಮೆ ಇರುವವನು, ಒಬ್ಬನೇ ಊಟ ಮಾಡುವವನು ತಪ್ಪಿತಸ್ಥನಲ್ಲ. ಅವನ ಕೆಲಸದಿಂದ ಇನ್ನೊಬ್ಬರ ಕೆಲಸ ಹಗುರಾಯಿತೇ, ಭಾರವಾಯಿತೇ ಎಂಬುದಷ್ಟೇ ಕಚೇರಿಗೆ ಸಂಬಂಧಿಸಿದ್ದು. ಅದನ್ನು ಲೆಕ್ಕದಲ್ಲೇ ಹಿಡಿಯಬಹುದು. ಮೈಕ್ರೋಸಾಫ್ಟ್ ಕಂಪನಿಯಲ್ಲಿ ನೌಕರರನ್ನು ಒಬ್ಬರ ಕೆಳಗೊಬ್ಬರು ಸಾಲಾಗಿ ನಿಲ್ಲಿಸಿ ಅಂಕ ಕೊಡುವ ಪದ್ಧತಿ ಬಹಳ ವರ್ಷ ಇತ್ತು. ಪಕ್ಕದವನು ಬಿದ್ದರೆ ತಾನು ಮೇಲೆ ಎಂದಾದಾಗ ಯಾರು ಯಾರಿಗೆ ಸಹಾಯ ಮಾಡುತ್ತಾರೆ? 2013ರಲ್ಲಿ ಅದನ್ನು ಕೈಬಿಟ್ಟರು. ಆಮೇಲೆ ಅವರು ಕೇಳತೊಡಗಿದ ಪ್ರಶ್ನೆಗಳು ನಮ್ಮ ಹಳ್ಳಿಯ ಶಾಖೆಗೂ ಸಾಲುತ್ತವೆ: ನೀನು ಸ್ವಂತ ಏನು ಮಾಡಿದೆ, ಇನ್ನೊಬ್ಬರ ಗೆಲುವಿಗೆ ಏನು ಕೊಟ್ಟೆ, ಇನ್ನೊಬ್ಬರು ಮಾಡಿಟ್ಟದ್ದನ್ನು ತೆಗೆದುಕೊಂಡು ಏನು ಕಟ್ಟಿದೆ. ಈ ಹುಡುಗ ಮೊದಲನೆಯದರಲ್ಲಿ ಗಟ್ಟಿ, ಎರಡನೆಯದರಲ್ಲಿ ಬರಿಗೈ. ಮೂರನೆಯದರಲ್ಲಿ ತೆಗೆದುಕೊಂಡದ್ದುಂಟು, ಯಾರಿಂದ ಎಂದು ಹೇಳಿದ್ದಿಲ್ಲ.

ಇನ್ನು ಎರಡನೇ ಹಾಳೆ. ಆಕೆ ಕರಡಿನಲ್ಲಿ ಬರೆದಿದ್ದು ಹೀಗಿತ್ತು: ‘ಸಹೋದ್ಯೋಗಿಗಳೊಂದಿಗೆ ಸಹಕರಿಸುವುದಿಲ್ಲ. ಅಹಂಕಾರದ ವರ್ತನೆ.’ ಇದನ್ನು ಓದಿದವನು ಮೊದಲು ಕೇಳುವುದೇ "ಯಾರು ಹೇಳಿದ್ರು?" ಎಂದು. ಆ ಪ್ರಶ್ನೆ ಬಂತೆಂದರೆ ಬರೆದದ್ದರಲ್ಲಿ ಸಂಗತಿ ಇಲ್ಲ, ಅಭಿಪ್ರಾಯವಷ್ಟೇ ಇದೆ ಎಂದರ್ಥ. ಅಲ್ಲಿಂದ ಮುಂದೆ ಚರ್ಚೆ ಅವನ ಕೆಲಸ ಬಿಟ್ಟು, ಚಾಡಿ ಹೇಳಿದವರು ಯಾರು ಎನ್ನುವುದರ ಮೇಲೆ ತಿರುಗುತ್ತದೆ. ಬರೆಯಬೇಕಾದದ್ದು ಯಾವಾಗ, ಏನು ಮಾಡಿದ, ಅದರಿಂದ ಯಾರಿಗೆ ಏನಾಯಿತು ಎಂಬ ಮೂರೇ. ಅದೂ ಮ್ಯಾನೇಜರು ತಾನೇ ಕಂಡದ್ದು ಅಥವಾ ವಹಿಯಲ್ಲಿ ಕಾಣುವುದು.

"ಹಂಗಾದ್ರ ಫೆಬ್ರುವರಿಯದು ಹೇಳ್ತೀನಿ ಕೇಳ್ರಿ" ಎಂದು ಆಕೆ ಶುರು ಮಾಡಿದಳು. ತಂಗಿಯ ಮದುವೆಗೆಂದು ಅವನು ರಜೆ ಹಾಕಿದ್ದ. ಯಾವ ರೈತ ಯಾವ ದಿನ ತುಂಬುತ್ತೇನೆ ಎಂದಿದ್ದಾನೆ ಎಂಬುದೆಲ್ಲ ಅವನ ಫೋನಿನಲ್ಲಿ. ಭೇಟಿ ವಹಿಯಲ್ಲಿ ಅವನ ಪುಟಗಳು ಖಾಲಿ. ಬದಲಿಗೆ ಹೋದ ಹುಡುಗ ಕೊಟ್ಟಲಗಿಯ ಕಡೆಯ ಒಬ್ಬ ಹಿರಿಯ ರೈತರ ಮನೆಗೆ ಹೋಗಿ ಸುಸ್ತಿ ಬಡ್ಡಿ ಸಮೇತ ಕಟ್ಟಿರಿ ಎಂದ. ‘ಸುಸ್ತಿ ಬಡ್ಡಿ ಬಿಡ್ತೀವಿ ಅಂತ ನಿಮ್ಮವನ ಮಾತು ಕೊಟ್ಟು ಹೋಗ್ಯಾನ, ಈಗ ನೀ ಬಂದು ಕೇಳ್ತಿಯಲ್ಲ’ ಎಂದು ಅವರು ನಾಲ್ಕು ಮಂದಿಯ ಎದುರು ಬೈದರು. ಆ ಮಾತು ಕೊಟ್ಟದ್ದು ಶಾಖೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕೊಡುವ ಅಧಿಕಾರವೂ ಅವನಿಗಿರಲಿಲ್ಲ. ಮ್ಯಾನೇಜರೇ ಹೋಗಿ ಸಮಾಧಾನ ಮಾಡಬೇಕಾಯಿತು. ಆ ರೈತರು ಸಾಲ ಕಟ್ಟಿದರು, ಆದರೆ ಇಟ್ಟ ಠೇವಣಿಯನ್ನು ತೆಗೆದುಕೊಂಡು ಹೋದರು.

"ನೋಡವ್ವಾ, ನೀ ಈಗ ಹೇಳಿದ್ದರಾಗ ಅಹಂಕಾರ ಅನ್ನೋ ಶಬ್ದನ ಇಲ್ಲ. ಇದನ್ನ ಹಿಂಗಿಂದ ಹಿಂಗ ಬರಿ" ಎಂದೆ. ತಾರೀಖು ಹಾಕಿ ನಾಲ್ಕು ಸಾಲು. ಇಂಥವು ಎರಡು-ಮೂರು ಸಾಕು, ಆದರೆ ಬೇರೆಬೇರೆ ತಿಂಗಳಿನವು ಇರಬೇಕು. ಎಲ್ಲವೂ ಮಾರ್ಚಿನವೇ ಆದರೆ ಅದು ವರ್ಷದ ವರದಿಯಾಗುವುದಿಲ್ಲ, ವರ್ಷದ ಕೊನೆಯ ಬೇಸರದ ವರದಿಯಾಗುತ್ತದೆ. ತಾಸಗಾಂವಿನ ರಸೀದಿಯದು ಎರಡನೆಯ ಸಂಗತಿಯಾಯಿತು. ಅಕ್ಟೋಬರ್ ಚಾಟಣಿಗೆ ಸಾಲ ಬಟವಾಡೆ ಮಾಡುವಾಗ ಹೊಸದಾಗಿ ಸೇರಿದ ಹುಡುಗನಿಗೆ ತೋಟದ ಪಾಹಣಿ-ಬೋಜಾ ನೋಡುವುದನ್ನು ತೋರಿಸಿಕೊಡು ಎಂದಾಗ ಎರಡು ಸಲ ಬಿಟ್ಟುಹೋದದ್ದು ಮೂರನೆಯದು.

ಇಲ್ಲಿ ನಾನು ಆಕೆಯನ್ನು ಒಂದು ಮಾತು ಕೇಳಲೇಬೇಕಾಯಿತು. "ಇದನ್ನೆಲ್ಲಾ ಅವಂಗ ಮೊದಲ ಸಲ ಎಂದು ಹೇಳಿದಿ?" ಆಕೆ ನೆನಪಿಸಿಕೊಂಡು, ಡಿಸೆಂಬರಿನಲ್ಲಿ ಕರೆದು ಭೇಟಿ ವಹಿ ತುಂಬಬೇಕೆಂದು ಸ್ಪಷ್ಟವಾಗಿ ಹೇಳಿದ್ದೆ, ಅದಕ್ಕೂ ಮುಂಚೆ ಹೇಳಿದ್ದಿಲ್ಲ ಎಂದಳು. ಹಾಗಿದ್ದರೆ ಅಕ್ಟೋಬರಿನ ಸಂಗತಿಯನ್ನೂ ತಾಸಗಾಂವಿನ ರಸೀದಿಯದನ್ನೂ ಹಿನ್ನೆಲೆಯಾಗಿ ಬರೆಯಬಹುದು, ಅವಕ್ಕಾಗಿ ಅಂಕ ಕಡಿಯಬಾರದು. ಡಿಸೆಂಬರಿನಲ್ಲಿ ಹೇಳಿದ ಮೇಲೂ ಖಾಲಿ ಉಳಿದ ಫೆಬ್ರುವರಿಯ ವಹಿಯೊಂದೇ ಅಂಕಕ್ಕೆ ಬರುತ್ತದೆ. ವರ್ಷದ ಕೊನೆಯ ಸಭೆಯಲ್ಲಿ ನೌಕರ ಮೊದಲ ಬಾರಿಗೆ ಕೇಳುವ ತಪ್ಪು ಒಂದೂ ಇರಬಾರದು. ಇದ್ದರೆ ಅದಕ್ಕೆ ಅರ್ಧ ಹೊಣೆ ಮ್ಯಾನೇಜರದು.

ಇನ್ನೊಂದನ್ನೂ ನೋಡಬೇಕಿತ್ತು. ಅವನು ಹೀಗೆ ಮಾಡುವಂತೆ ಸಂಘದ ನಿಯಮವೇ ದೂಡುತ್ತಿದೆಯೇ? ಆ ಸಂಘದಲ್ಲಿ ವಸೂಲಿಯ ಪ್ರೋತ್ಸಾಹಧನ ರಸೀದಿಯ ಮೇಲಿನ ಹೆಸರಿಗೆ ಹೋಗುತ್ತದೆ, ಪಟ್ಟಿ ಯಾರದು ಎಂದು ಕೇಳುವುದಿಲ್ಲ. ಹಾಗಿದ್ದ ಮೇಲೆ ಮಾಹಿತಿಯನ್ನು ವಹಿಯಲ್ಲಿ ಬರೆದವನು ನಷ್ಟಕ್ಕೊಳಗಾಗುತ್ತಾನೆ, ಜೇಬಿನಲ್ಲಿಟ್ಟುಕೊಂಡವನು ಗೆಲ್ಲುತ್ತಾನೆ. ಇದನ್ನು ಬದಲಿಸುವ ಅಧಿಕಾರ ಶಾಖೆಗಿಲ್ಲ, ಆಡಳಿತ ಮಂಡಳಿಗಿದೆ. ಆದರೆ ಹುಡುಗನ ಅಪ್ರೈಸಲ್ ಜೊತೆಗೇ ಒಂದು ಪತ್ರ ಕಳಿಸಬಹುದು: ಪ್ರೋತ್ಸಾಹಧನ ಪಟ್ಟಿಯವನ ಹೆಸರಿಗೆ ಹೋಗಲಿ, ಒಂದು ಪಾಲು ಇಡೀ ಶಾಖೆಯ ವಸೂಲಿಯ ಮೇಲೆ ಎಲ್ಲರಿಗೂ ಸಿಗಲಿ. ನಿಯಮ ತಿದ್ದದೆ ಮನುಷ್ಯನನ್ನಷ್ಟೇ ತಿದ್ದಹೋದರೆ ಮುಂದಿನ ಮಾರ್ಚಿನಲ್ಲಿ ಇನ್ನೊಬ್ಬನು ತಾಸಗಾಂವಿನಲ್ಲಿ ನಿಂತಿರುತ್ತಾನೆ.

"ಕಾಕಾ, ಮುಖ್ಯ ತೊಡಕು ಇನ್ನೂ ಹೇಳೇ ಇಲ್ರಿ. ಅಂವಾ ಸೀನಿಯರ್ ಪೋಸ್ಟ್ ಕೇಳಾಕತ್ತಾನ. ಮೂರು ಮಂದೀ ಮ್ಯಾಲೆ ಉಸ್ತುವಾರಿ."

ಇಲ್ಲಿ ದುಡ್ಡನ್ನೂ ಹುದ್ದೆಯನ್ನೂ ಬೇರೆ ಮಾಡಬೇಕು. ಇನ್‌ಕ್ರಿಮೆಂಟು, ಪ್ರೋತ್ಸಾಹಧನ ಮುಗಿದ ಕೆಲಸಕ್ಕೆ ಕೊಡುವಂಥವು. 85ಕ್ಕೆ ನ್ಯಾಯವಾಗಿ ಬರುವುದನ್ನೆಲ್ಲ ಕೊಡಬೇಕು, ಪಾಠ ಕಲಿಸಲೆಂದು ಒಂದು ಪೈಸೆಯೂ ಹಿಡಿಯಬಾರದು. ಹುದ್ದೆ ಮುಂದೆ ಮಾಡಬೇಕಾದ ಕೆಲಸಕ್ಕೆ ಕೊಡುವಂಥದು. ಸೀನಿಯರನ ಕೆಲಸವೇ ಮೂರು ಮಂದಿಯ ಪಟ್ಟಿ ನೋಡುವುದು, ಹೊಸಬರಿಗೆ ಕಲಿಸುವುದು, ಯಾರ ರಸೀದಿ ಯಾರಿಗೆ ಎಂದು ತೀರ್ಮಾನಿಸುವುದು. ಅವನು ಈ ವರ್ಷ ಮಾಡಿ ತೋರಿಸದೆ ಉಳಿದದ್ದು ಅದನ್ನೇ. ಆದ್ದರಿಂದ ಹುದ್ದೆ ಈ ವರ್ಷ ಇಲ್ಲ, ಕಾರಣ ಇದು, ಏನು ಕಂಡರೆ ಮುಂದಿನ ವರ್ಷ ಶಿಫಾರಸು ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಕೊಡಿಸಿಯೇ ತೀರುತ್ತೇನೆ ಎಂದು ಮಾತ್ರ ಹೇಳಬಾರದು, ಅದು ಆಕೆಯ ಕೈಯಲ್ಲಿಲ್ಲ.

ಹೇಳದೆ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೇವ್ ದತ್ ಅವರ ಪ್ರಕರಣವನ್ನು ಹೇಳಿದೆ. ಅವರು ಗಡಿ ರಸ್ತೆಗಳ ಸಂಸ್ಥೆಯಲ್ಲಿ ಎಂಜಿನಿಯರು. ಬಡ್ತಿಗೆ ಸತತ ಐದು ವರ್ಷ ‘ಅತ್ಯುತ್ತಮ’ದ ಸಾಲಿನ ಗುಣಾಂಕ ಬೇಕಿತ್ತು. 1993-94ರ ವರದಿಯಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಬರೀ ‘ಉತ್ತಮ’ ಎಂದಿತ್ತು. ‘ಉತ್ತಮ’ ಎಂಬುದು ಕೆಟ್ಟ ಮಾತಲ್ಲವೆಂದು ಅದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. ಬಡ್ತಿ ಮಾತ್ರ ತಪ್ಪಿತು. 2008ರಲ್ಲಿ ಸುಪ್ರೀಂ ಕೋರ್ಟು, ಒಳ್ಳೆಯದಿರಲಿ ಕೆಟ್ಟದಿರಲಿ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕು, ಅವನ ಉತ್ತರಕ್ಕೆ ಅವಕಾಶ ಕೊಡಬೇಕು ಎಂದು ತೀರ್ಪು ಕೊಟ್ಟಿತು. ಅದು ಸರಕಾರಿ ನೌಕರನ ವಿಷಯದಲ್ಲಿ ಬಂದ ತೀರ್ಪು. ಊರಿನ ಪತ್ತಿನ ಸಂಘದ ನೌಕರನು ಅದನ್ನೇ ಹಿಡಿದು ಕೋರ್ಟಿಗೆ ಹೋಗುವುದು ಸುಲಭವಲ್ಲ. ಆದರೆ ಅದರ ಹಿಂದಿನ ನ್ಯಾಯ ಯಾವ ಕಚೇರಿಗೂ ಸಲ್ಲುತ್ತದೆ. ಆಕೆ ಮೊದಲು ಬರೆಯಹೊರಟಿದ್ದ ಆ ‘ಉತ್ತಮ’ವೂ ಅಂಥದೇ ಇತ್ತು.

ಕತ್ತಲಾಗುವ ಮೊದಲು ಸಭೆ ಹೇಗೆ ನಡೆಸಬೇಕೆಂದು ಮಾತಾಡಿದೆವು. ಎರಡೂ ಹಾಳೆಗಳನ್ನು ಹಿಂದಿನ ದಿನವೇ ಅವನ ಕೈಗೆ ಕೊಡಬೇಕು. ಓದಿ, ಸಿಟ್ಟಾಗಿ, ಸಿಟ್ಟಿಳಿದು ಬರಲು ಒಂದು ರಾತ್ರಿ ಬೇಕು. ಮರುದಿನ ಮೊದಲು ಅವನೇ ತನ್ನ ವರ್ಷದ ಬಗ್ಗೆ ಹೇಳಲಿ. ಆಮೇಲೆ 95, 90, 85 ಮೂರೂ ಹೇಗೆ ಬಂದವೆಂದು ತೋರಿಸಿ, 85ಕ್ಕೆ ಮನಸಾರೆ ಭೇಷ್ ಅನ್ನಬೇಕು. ಅಲ್ಲಿ ನಿಂತು, ಹಾಳೆ ಮಗುಚಿ, ಎರಡನೆಯದನ್ನು ಅಷ್ಟೇ ನೇರವಾಗಿ ಹೇಳಬೇಕು. ಹೊಗಳಿಕೆಯ ನಡುವೆ ದೂರನ್ನು ಸುತ್ತಿ ಕೊಟ್ಟರೆ ಅವನು ಹೊಗಳಿಕೆಯನ್ನಷ್ಟೇ ಮನೆಗೆ ಒಯ್ಯುತ್ತಾನೆ. ಪ್ರತಿ ಸಂಗತಿಯ ನಂತರ "ಅವತ್ತು ನಿನ್ನ ಕಡೆಯಿಂದ ಏನಾಗಿತ್ತಪಾ?" ಎಂದು ಕೇಳಿ ಸುಮ್ಮನೆ ಕೂಡಬೇಕು. ಅವನು ವಹಿಯಲ್ಲಿ ಬರೆದದ್ದನ್ನು ಹಿಂದೊಮ್ಮೆ ಯಾರೋ ಕದ್ದಿದ್ದರೆ, ಅದೂ ಹೊರಗೆ ಬರಬಹುದು. ಬಂದರೆ ಹಾಳೆ ತಿದ್ದಬೇಕು.

"ಎಲ್ಲಾ ಕೇಳಿ ‘ಆಯ್ತ್ರಿ ಮೇಡಂ’ ಅಂದ್ರ?"

ಅದೇ ಎಲ್ಲಕ್ಕಿಂತ ಕಷ್ಟದ ಉತ್ತರ. ಜಗಳಾಡಿದವನು ಕೇಳಿಸಿಕೊಂಡಿರುತ್ತಾನೆ, ಥಟ್ಟನೆ ಒಪ್ಪಿದವನು ಸಭೆ ಮುಗಿದರೆ ಸಾಕೆಂದು ಕಾಯುತ್ತಿರುತ್ತಾನೆ. ನಾಳೆಯಿಂದ ಏನು ಬದಲಾಗುತ್ತದೆ ಎಂದು ಅವನ ಬಾಯಿಂದಲೇ ಹೇಳಿಸಿ, ಅವನ ಮಾತಿನಲ್ಲೇ ಬರೆಸಬೇಕು. ಬರೆಸುವುದು ಕಣ್ಣಿಗೆ ಕಾಣುವಂಥದ್ದಿರಬೇಕು: ಭೇಟಿ ಮಾಡಿದ ದಿನವೇ ಸಂಜೆ ವಹಿಯಲ್ಲಿ ರೈತ ಹೇಳಿದ ತಾರೀಖು, ಕೊಟ್ಟ ಮಾತು, ಇನ್ನೊಬ್ಬರ ಪಟ್ಟಿಯ ರೊಕ್ಕ ಬಂದರೆ ರಸೀದಿ ಪಟ್ಟಿಯವನ ಹೆಸರಿಗೆ, ಏಪ್ರಿಲ್ ಚಾಟಣಿಯ ಕಾಲದಲ್ಲಿ ಹೊಸ ಹುಡುಗನನ್ನು ಜೊತೆಗೆ ಕರೆದುಕೊಂಡು ತೋಟ ನೋಡುವುದು. ‘ಎಲ್ಲರೊಂದಿಗೆ ಚೆನ್ನಾಗಿರುತ್ತೇನೆ’ ಎಂಬುದನ್ನು ಯಾರೂ ತಾಳೆ ನೋಡಲಾರರು. ಅವನ ಒಪ್ಪಿಗೆಯನ್ನೋ ತಕರಾರನ್ನೋ ಅದೇ ಹಾಳೆಯಲ್ಲಿ ಅವನೇ ಬರೆದು, ಇಬ್ಬರೂ ಸಹಿ ಹಾಕಬೇಕು.

ಜೂನಿನಲ್ಲಿ ಒಮ್ಮೆ, ಅಕ್ಟೋಬರ್ ಚಾಟಣಿಯ ಸಾಲ ಶುರುವಾಗುವ ಮುಂಚೆ ಇನ್ನೊಮ್ಮೆ ಆ ಹಾಳೆ ತೆಗೆದು ಕೂಡಬೇಕು. ಆಗ ನೋಡಬೇಕಾದದ್ದು ವಹಿ ತುಂಬಿದೆಯೇ ಎಂದಲ್ಲ. ‘ಭೇಟಿ ಆಯಿತು’ ಎಂದು ಪ್ರತಿ ಸಾಲಿನಲ್ಲೂ ಬರೆದಿದ್ದರೆ ಅದು ಆಜ್ಞೆ ಪಾಲಿಸಿದ ಗುರುತಷ್ಟೇ. ಅವನು ರಜೆಯಲ್ಲಿದ್ದಾಗ ಇನ್ನೊಬ್ಬನು ಅವನ ಪುಟ ಓದಿಕೊಂಡು ಹೋಗಿ, ಯಾರನ್ನೂ ಮತ್ತೆ ಕೇಳದೆ, ಯಾರಿಂದಲೂ ಬೈಸಿಕೊಳ್ಳದೆ ವಸೂಲಿ ಮಾಡಿ ಬಂದರೆ ಬದಲಾವಣೆ ಆಗಿದೆ ಎಂದು ತಿಳಿಯಬೇಕು. ಸೀನಿಯರ್ ಹುದ್ದೆಗೆ ಅವನ ಹೆಸರು ಬರೆಯಲು ಆಕೆಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇಕಾಗುವುದಿಲ್ಲ. ಅದು ಆಗದಿದ್ದರೆ, ವಸೂಲಿ 95 ಇದ್ದರೂ ಮೂರು ಮಂದಿಯ ಪಟ್ಟಿಯನ್ನು ಅವನ ಕೈಗೆ ಕೊಡಬಾರದು.